ಒಪ್ಪಿಗೆಯಾದ ಸುರಾಹಿ ಚಿತ್ರವನ್ನು ಕೆಡಿಸದೆ ಬದಲಿಸಿದ್ದು

ಬೀದರ್‌ನಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಬಿದ್ರಿ ಕೆಲಸ ಮಾಡುವ ಚಾಚಾ ಒಬ್ಬರು ತಾವು ಮಾಡಿದ ಸುರಾಹಿಯ, ಅಂದರೆ ಉದ್ದ ಕುತ್ತಿಗೆಯ ಹೂಜಿಯ, ಚಿತ್ರ ಬೇಕೆಂದು ಬಂದರು. ಕೆಂಪು ಬಟ್ಟೆಯ ಮೇಲಿಟ್ಟು ಸ್ಟ್ಯಾಂಡ್ ಹಾಕಿ ಫೋಟೊ ತೆಗೆದೆ. ಹಿಂದೆ ಹಳೇ ಕಲ್ಲಿನ ಗೋಡೆ, ಕಿಟಕಿ ಬೆಳಕು ಇರಲೆಂದು ನನ್ನ ಕಂಪ್ಯೂಟರ್‌ನಲ್ಲಿರುವ, ಚಿತ್ರ ಮಾಡುವ AI ಸ್ಟೇಬಲ್ ಡಿಫ್ಯೂಷನ್‌ನಿಂದ ಮಾಡಿಸಿದೆ. ಚಾಚಾ ಒಂದನ್ನು ಒಪ್ಪಿದರು. "ಇದೇ ಇರ್ಲಿ ತಮ್ಮಾ, ಹಿಂದಿನ ಬೆಳಕು ಮಾತ್ರ ಒಂಚೂರು ಬದ್ಲಿ ಮಾಡಿ ಇನ್ನೆರಡು ತೋರ್ಸು" ಅಂದರು.

ನಾನು ಅವರು ಒಪ್ಪಿದ ಚಿತ್ರವನ್ನೇ ಇಡಿಯಾಗಿ, ಇರುವ ಚಿತ್ರದಿಂದ ಹೊಸದು ಮಾಡುವ img2img ಗೆ ಹಾಕಿ, ಎಷ್ಟು ಬದಲಾಗಬೇಕೆಂದು ಹೇಳುವ ಡಿನಾಯ್ಸಿಂಗ್ 0.5 ಇಟ್ಟು ಓಡಿಸಿದೆ. ನೋಡಲು ಚೆನ್ನಾಗಿಯೇ ಬಂತು. ಚಾಚಾ ಕನ್ನಡಕ ಹಾಕಿಕೊಂಡು, ಸುರಾಹಿಯ ಹೊಟ್ಟೆಯ ಮೇಲೆ ಬೆರಳಿಟ್ಟು ಎಣಿಸಿದರು. "ಈ ಹೂವಿಗೆ ಐದು ಎಸಳು ಅದಾವ. ನಾ ಬಡಿದದ್ದು ಆರು. ಇದು ನನ್ನ ಸುರಾಹಿ ಅಲ್ಲ."

ಅವರ ಮಾತು ನೂರಕ್ಕೆ ನೂರು ಸರಿ. ಬಿದ್ರಿಯಲ್ಲಿ ಸತು ಮತ್ತು ತಾಮ್ರದ ಎರಕದ ಮೇಲೆ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಕೋಟೆಯ ಮಣ್ಣಿನ ದ್ರಾವಣದಲ್ಲಿ ಎರಕ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಗೆರೆಯೇ ಅವರ ಸಹಿ. ಚಿತ್ರದಲ್ಲಿ ಒಂದು ಎಸಳು ಕಡಿಮೆಯಾದರೆ ಕೊಳ್ಳುವವನಿಗೆ ಬೇರೆ ವಸ್ತು ತೋರಿಸಿದಂತೆ, ಅಲ್ವಾ?

ಚಿತ್ರ ಬದಲಾಗದಿರಲಿ ಎಂದರೆ ಮೊದಲು ಹೊಳೆಯುವುದು ಸೀಡ್. ಸೀಡ್ ಅಂದರೆ ಚಿತ್ರ ಶುರುವಾಗುವ ಮೊದಲಿನ ಚುಕ್ಕಿ ಗದ್ದಲವನ್ನು ಗೊತ್ತುಮಾಡುವ ಸಂಖ್ಯೆ. ಸೀಡ್, ಪ್ರಾಂಪ್ಟ್, ಮಾಡೆಲ್, ಸ್ಯಾಂಪ್ಲರ್, ಸ್ಟೆಪ್ಸ್, ಅಳತೆ ಮುಂತಾದವೆಲ್ಲ ಒಂದೇ ಆಗಿದ್ದರೆ ಅದೇ ಚಿತ್ರ ಮತ್ತೆ ಬರುತ್ತದೆ. ಆದರೆ ಪ್ರಾಂಪ್ಟ್ ಬದಲಾದರೆ, ಸೀಡ್ ಅದೇ ಇದ್ದರೂ ಅದು ಎಸಳನ್ನು ಕಾಪಾಡುವುದಿಲ್ಲ. ಎಸಳನ್ನು ಕಾಪಾಡುವುದು ಮಾಸ್ಕ್, ಅಂದರೆ ಯಾವ ಭಾಗ ಬದಲಾಗಬೇಕು, ಯಾವುದು ಬೇಡ ಎಂದು ಚಿತ್ರದ ಮೇಲೆ ಬಳಿದು ಮಾಡುವ ಗುರುತು. ಹಾಗಾಗಿ ಮೂಲ ಫೋಟೊಗೇ ಹಿಂದಿರುಗಿ, ಸುರಾಹಿಯ ಮೇಲೆ ಮಾಸ್ಕ್ ಬಳಿದು, Inpaint not masked ಆರಿಸಿ, ಉಳಿದ ಭಾಗ ಮಾತ್ರ ಬದಲಾಗುವಂತೆ ಮಾಡಿದೆ.

ಹೊಸದನ್ನು ಮಾಡುವ ಮೊದಲು ಒಪ್ಪಿದ್ದನ್ನೇ ಮತ್ತೆ ತೆಗೆಯಲು ನೋಡಿದೆ. ಚಾಚಾಗೆ ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ಸೆಟ್ಟಿಂಗ್ ಮಾಹಿತಿ ಉಳಿದಿರಲಿಲ್ಲ. ಔಟ್‌ಪುಟ್ ಫೋಲ್ಡರ್‌ನ ಮೂಲ PNG ಹುಡುಕಿ, ಆ ಮಾಹಿತಿ ಓದುವ PNG Info ಗೆ ಹಾಕಿದಾಗ ಸಿಕ್ಕಿತು. ಅದರಿಂದ ಮತ್ತೆ ಓಡಿಸಿ, ಫೋಟೊ ತಿದ್ದುವ GIMP ನಲ್ಲಿ ಹಳೆಯದರ ಮೇಲೆ ಲೇಯರ್ ಮಾಡಿ, ಎರಡರ ವ್ಯತ್ಯಾಸ ತೋರಿಸುವ Difference ಇಟ್ಟೆ. ಎರಡೂ ಒಂದೇ ಆಗಿದ್ದರೆ ಪರದೆ ಪೂರ್ತಿ ಕಪ್ಪಾಗಬೇಕು. ನನಗೆ ಸುರಾಹಿಯ ಅಂಚಿನ ಸುತ್ತ ಮಸುಕು ಬಿಳಿ ಗೆರೆ ಕಂಡಿತು, ಗೋಡೆಯಲ್ಲೂ ಕಲೆಗಳು. ಕಾರಣ ಹುಡುಕಲು ಒಂದು ಸಂಜೆಯೇ ಹೋಯಿತು. ಮಾಸ್ಕ್ ಆ PNG ಒಳಗೆ ಇರುವುದಿಲ್ಲ! ಚಾಚಾ ಒಪ್ಪಿದ ಚಿತ್ರ ಮಾಡುವಾಗಲೂ ಮಾಸ್ಕ್ ಹಾಕಿದ್ದೆ, ಆದರೆ ಬ್ರೌಸರ್‌ನಲ್ಲೇ ಕೈಯಿಂದ ಬಳಿದಿದ್ದೆ, ಉಳಿಸಿಕೊಂಡಿರಲಿಲ್ಲ. ಈಗ ಮಾಸ್ಕನ್ನು ಬೇರೆ ಫೈಲ್ ಮಾಡಿ, Inpaint upload ನಿಂದ ಹಾಕುತ್ತೇನೆ. ಹೊಸ ಮಾಸ್ಕ್‌ನ ಚಿತ್ರವನ್ನು ಚಾಚಾಗೆ ತೋರಿಸಿ ಮತ್ತೊಮ್ಮೆ ಒಪ್ಪಿಗೆ ಪಡೆದೆ. ಸುಮ್ನೆ ಹಳೆಯದೇ ಎಂದು ಕೊಡಲು ಮನಸ್ಸಾಗಲಿಲ್ಲ.

ಆಮೇಲೆ ಸೀಡ್ ಮುಟ್ಟದೆ, ಪಕ್ಕದ Extra ತೆರೆದು Variation strength ಮಾತ್ರ ಬದಲಿಸಿದೆ. ಇದು ಮೂಲ ಗದ್ದಲಕ್ಕೆ ಎರಡನೇ ಸೀಡ್‌ನ ಗದ್ದಲವನ್ನು ಸ್ವಲ್ಪ ಬೆರೆಸುತ್ತದೆ. 0 ಅಂದರೆ ಬೆರಕೆಯೇ ಇಲ್ಲ, 1 ಅಂದರೆ ಪೂರ್ತಿ ಎರಡನೆಯದು.

```
Seed: 2417730985
Variation seed: 512
Variation seed strength: 0.1
Denoising strength: 0.75
```

0.05 ರಲ್ಲಿ ಬಟ್ಟೆಯ ಮಡಿಕೆ ಕದಲಿದ್ದು ಗೊತ್ತೇ ಆಗಲಿಲ್ಲ. 0.1 ಕ್ಕೆ ಕಿಟಕಿಯ ಬೆಳಕು ಗೋಡೆಯ ಮೇಲೆ ಒಂಚೂರು ಸರಿಯಿತು, ಚಾಚಾ ಕೇಳಿದ್ದೂ ಇದೇ. 0.4 ಕ್ಕೆ ಕಿಟಕಿಯೇ ಬೇರೆ ಆಯಿತು. ಮಾಡೆಲ್ ಬದಲಾದರೆ ಈ ಅಂಕಿಗಳೂ ಬದಲಾಗುತ್ತವೆ, ಪ್ರತಿ ಸಲ 0.05 ರಿಂದಲೇ ಏರಿಸುತ್ತೇನೆ. ಎರಡನೇ ಸೀಡನ್ನು 513, 514 ಮಾಡಿ 0.1 ರಲ್ಲೇ ಇನ್ನೆರಡು ತೆಗೆದೆ. ಪ್ರತಿ ಸಲವೂ ಮೂಲ ಫೋಟೊದಿಂದಲೇ ಶುರು, ಬಂದ ಚಿತ್ರದ ಮೇಲೆ ಇನ್ನೊಂದು ಮಾಡಲಿಲ್ಲ. ಹಾಗೆ ಮಾಡಿದರೆ ಸಣ್ಣ ತಪ್ಪುಗಳು ಒಂದರ ಮೇಲೊಂದು ಸೇರುತ್ತವೆ. ಕೊನೆಗೆ Difference ನಲ್ಲಿ ಸುರಾಹಿಯ ಮೈ ಪೂರ್ತಿ ಕಪ್ಪು. ಆರು ಎಸಳು.

ಮೂರೂ ಚಿತ್ರ ನೋಡಿದ ಮೇಲೆ ಚಾಚಾ ಹಸಿರು ಬಟ್ಟೆ ಕೇಳಿದರು. ಪ್ರಾಂಪ್ಟ್‌ನಲ್ಲಿ ಬಣ್ಣದ ಪದವೊಂದನ್ನೇ ಬದಲಿಸಿದೆ, ಸೀಡ್ ಅದೇ ಇಟ್ಟೆ. ಬಟ್ಟೆ ಹಸಿರಾಯಿತು, ಮಡಿಕೆ ಹೆಚ್ಚುಕಡಿಮೆ ಅಲ್ಲೇ ನಿಂತವು. ಆದರೆ ಸುರಾಹಿಯ ತಳದ ಬೆಳ್ಳಿ ಗೆರೆಗಳಲ್ಲಿ ಕೆಂಪು ಹೊಳಪು ಉಳಿಯಿತು. ಫೋಟೊ ತೆಗೆದಾಗ ಕೆಳಗಿದ್ದ ಕೆಂಪು ಬಟ್ಟೆಯ ಪ್ರತಿಬಿಂಬ ಅದು. ಮಾಸ್ಕ್ ಅದನ್ನೂ ಕಾದಿತ್ತು. ಯಾವ ಸೆಟ್ಟಿಂಗಿನಿಂದಲೂ ಅದನ್ನು ತೆಗೆಯಬಾರದು, ತೆಗೆಯಲು ಹೋದರೆ ಮತ್ತೆ ಎಸಳಿಗೇ ಕೈ ಹಾಕಬೇಕು. ಮರುದಿನ ಹಸಿರು ಬಟ್ಟೆ ತಂದು ಅದೇ ಜಾಗದಲ್ಲಿ ಸ್ಟ್ಯಾಂಡ್ ಇಟ್ಟು, ಸುರಾಹಿಯ ಫೋಟೊ ಹೊಸದಾಗಿ ತೆಗೆದೆ.