ಮುಹೂರ್ತ 10:40ಕ್ಕೆ, ಮೊದಲ ಟ್ರಿಪ್ 7ಕ್ಕೆ

ಮಗಳ ಮದುವೆ ಸಾಗರದಲ್ಲಿ ಅಂತ ನಿಶ್ಚಯವಾದ ವಾರವೇ ಪುಣೆಯಿಂದ ನಾದಿನಿಯ ಮಗ ಫೋನ್ ಮಾಡಿದ. “ಅತ್ತೆ, ಸಾಗರಕ್ಕೆ ಟ್ರೈನ್ ಇದೆ. ಆದರೆ ಅದು ಯಾಕೋ ಭೋಪಾಲ್ ಕಡೆ ಹೋಗ್ತಿದೆ” ಅಂದ. ಅವನು ನೋಡಿದ್ದು ಮಧ್ಯಪ್ರದೇಶದ ಸಾಗರ. ಅದರ ಕೋಡ್ SGO. ನಮ್ಮ ಊರಿನ ಸ್ಟೇಷನ್ ಹೆಸರು ಸಾಗರ ಜಂಬಗಾರು, ಕೋಡ್ SRF. ಆಮಂತ್ರಣ ಪತ್ರಿಕೆಯಲ್ಲಿ ಇಂಥದ್ದಕ್ಕೆಲ್ಲ ಜಾಗ ಇರುವುದಿಲ್ಲ. ಪರಊರಿನವರಿಗೆ ಬೇರೆಯೇ ಒಂದು ಕಾಗದ ಬರೆಯಬೇಕು ಅಂತ ನನಗೆ ಹೊಳೆದದ್ದು ಅವತ್ತು.

ಹೊರಗಿನಿಂದ ಬರುವವರು 63 ಜನ. ಕಾಗದಕ್ಕೆ ಕೂರುವ ಮೊದಲು ಮನೆ ಮನೆಗೆ ಫೋನ್ ಮಾಡಿ ನಾಲ್ಕೇ ವಿಷಯ ಕೇಳಿದೆ. ಎಷ್ಟು ಜನ, ಯಾವಾಗ ಬಂದು ಮುಟ್ಟುತ್ತೀರಿ, ಯಾವಾಗ ಹೊರಡುತ್ತೀರಿ, ಮೆಟ್ಟಿಲು ಹತ್ತಲಾಗದವರು ಇದ್ದಾರಾ. ಬಹಳ ಜನ “ಬರ್ತೀವಿ ಬಿಡು, ನಮ್ದೇನು” ಅಂದರು. ಎರಡನೇ ಸಲ ಕೇಳಿದ ಮೇಲೆ ಹೇಳಿದರು.

ರೂಮು ಹಿಡಿಯುವಾಗ ಬೆಲೆಗಿಂತ ಜಾಸ್ತಿ ತಲೆ ತಿಂದದ್ದು ಚೆಕ್-ಔಟ್. ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ 24 ಗಂಟೆ ಲೆಕ್ಕ. ಶನಿವಾರ ಬೆಳಗ್ಗೆ 7ಕ್ಕೆ ಒಳಗೆ ಹೋದರೆ ಭಾನುವಾರ ಬೆಳಗ್ಗೆ 7ಕ್ಕೆ ಒಂದು ದಿನ ಮುಗಿಯಿತು. ಇನ್ನೊಂದು ಹೋಟೆಲಿನಲ್ಲಿ ಮಧ್ಯಾಹ್ನ 12ರಿಂದ 12. ಅಲ್ಲಿಗೆ ರಾತ್ರಿ ರೈಲಿನವರನ್ನು ಹಾಕಿದರೆ ಬೆಳಗ್ಗೆ ಇಳಿದವರು ಮಧ್ಯಾಹ್ನದವರೆಗೆ ರಿಸೆಪ್ಷನ್ನಿನ ಸೋಫಾದಲ್ಲೇ ಕೂರಬೇಕು, ಇಲ್ಲವೇ ನಾನು ಹಿಂದಿನ ದಿನದ ಬಾಡಿಗೆಯನ್ನೂ ಕೊಡಬೇಕು. ಹಾಗಾಗಿ ರೈಲಿನಲ್ಲಿ ಬರುವ 34 ಜನರಿಗೆ ಲಾಡ್ಜ್, ಮಧ್ಯಾಹ್ನದ ಮೇಲೆ ಬಸ್ಸಿನಲ್ಲಿ ಬರುವ 17 ಜನರಿಗೆ ಹೋಟೆಲ್ ಮಾಡಿದೆ. ಸ್ವಂತ ಕಾರಿನಲ್ಲಿ ಬರುವ 12 ಜನರಿಗೆ ಊರ ಹೊರಗಿನ ಹೋಮ್‌ಸ್ಟೇ. ಒಳ್ಳೆಯ ಜಾಗವನ್ನು ಕಾರಿನವರಿಗೇ ಕೊಟ್ಟೆ ಅಂತ ನಮ್ಮ ಭಾವ ಗೊಣಗಿದರು. ಜಾಗ ಒಳ್ಳೆಯದೇ, ಆದರೆ ಅಲ್ಲಿಗೆ ವ್ಯಾನ್ ಕಳಿಸಿ ಕರೆಸುವುದು ನನ್ನ ಕೈಲಾಗುತ್ತಿರಲಿಲ್ಲ.

ವ್ಯಾನ್ ಅಂದರೆ ಟಿಟಿ, 17 ಸೀಟಿನದು, ಒಂದೇ. ಛತ್ರ ಇಕ್ಕೇರಿ ರಸ್ತೆಯಲ್ಲಿ. ಮೊದಲು ಬರೆದ ಕರಡಿನಲ್ಲಿ “ಬೆಳಗ್ಗೆ 7ರಿಂದ ಅರ್ಧ ಗಂಟೆಗೊಮ್ಮೆ ವಾಹನ ಇರುತ್ತದೆ” ಅಂತ ಬರೆದಿದ್ದೆ. ಓದಿದ ನಮ್ಮ ಮನೆಯವರು, “ಹಿಂಗೆ ಬರೆದ್ರೆ ಎಲ್ಲರೂ ಕೊನೇ ಟ್ರಿಪ್ಪಿಗೇ ಬರ್ತಾರೆ” ಅಂದರು. ನಿಜ. ನಾನಾದರೂ ಹಾಗೇ ಮಾಡುತ್ತಿದ್ದೆ.

ಅದೂ ಅಲ್ಲದೆ ಅರ್ಧ ಗಂಟೆ ಅನ್ನುವುದೇ ಸುಳ್ಳು ಲೆಕ್ಕ. ಡ್ರೈವರ್ ಜೊತೆ ಒಂದು ದಿನ ಹೋಗಿ ಬಂದೆ. ಹೋಗಲು 15 ನಿಮಿಷ, ಬರಲು 15. ರೇಷ್ಮೆ ಸೀರೆ ಉಟ್ಟ ಹೆಂಗಸರು, ವಯಸ್ಸಾದವರು ಹತ್ತಿ ಕೂರಲು 15, ಇಳಿಯಲು 5. ಒಟ್ಟು 50 ನಿಮಿಷ. ಧಾರೆ ಮುಹೂರ್ತ 10:40ಕ್ಕೆ. ಅದಕ್ಕೆ ಮೊದಲು ತಿಂಡಿ ಆಗಬೇಕು, ತಿಂಡಿ ಪಂಕ್ತಿ 9:30ಕ್ಕೆ ನಿಲ್ಲುತ್ತದೆ. ಅಂದರೆ ಕೊನೆಯ ಟ್ರಿಪ್ಪಿನವರೂ 9ರೊಳಗೆ ಛತ್ರ ಸೇರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಟ್ರಿಪ್ಪುಗಳು 8:40, 7:50, 7:00. ಮೂರು ಟ್ರಿಪ್, 51 ಜನ, ಸರಿಯಾಗಿ ಕೂತಿತು.

ಯಾರು ಮೊದಲು ಅನ್ನುವುದನ್ನು ತೀರ್ಮಾನಿಸಿದ್ದು ಬಿಸಿನೀರು. ಲಾಡ್ಜಿನಲ್ಲಿ ಬಿಸಿನೀರು ಬೆಳಗ್ಗೆ 5ರಿಂದ 8ರವರೆಗೆ ಮಾತ್ರ. ಫೆಬ್ರವರಿಯ ಮಲೆನಾಡಿನಲ್ಲಿ ಮುಂಬೈಯವರು ತಣ್ಣೀರು ಮೈಮೇಲೆ ಹಾಕಿಕೊಳ್ಳುವುದಿಲ್ಲ. ಹೋಟೆಲಿನಲ್ಲಿ ರೂಮಿಗೊಂದು ಗೀಸರ್. ಆದ್ದರಿಂದ 7:00 ಮತ್ತು 7:50 ಲಾಡ್ಜಿನವರಿಗೆ, 8:40 ಹೋಟೆಲಿನವರಿಗೆ. ಶಾಸ್ತ್ರಕ್ಕೆ ಕೂರಬೇಕಾದ ಸೋದರಮಾವ, ಅತ್ತೆಯಂದಿರು ಮೊದಲ ಟ್ರಿಪ್ಪಿಗೆ. ಚಿಕ್ಕ ಮಕ್ಕಳಿದ್ದವರು ಎರಡನೆಯದಕ್ಕೆ. ಇದಲ್ಲದೆ 9:30ಕ್ಕೆ ಒಂದು ಟ್ರಿಪ್ ಡ್ರೈವರಿಗೆ ಮಾತ್ರ ಹೇಳಿಟ್ಟಿದ್ದೆ, ಕಾಗದದಲ್ಲಿ ಬರೆಯಲಿಲ್ಲ. ಬರೆದಿದ್ದರೆ ಅದಕ್ಕೇ ಕಾಯುತ್ತಿದ್ದರು.

ಎಲ್ಲರಿಗೂ ಒಂದೇ ಕಾಗದ ಕಳಿಸಲಿಲ್ಲ. ಮೂರು ಜಾಗದ ವಿವರ ಒಂದೇ ಕಡೆ ಇದ್ದರೆ ಜನ ಬೇರೆಯವರ ಸಮಯ ಓದಿಕೊಂಡು ನಿಂತಿರುತ್ತಾರೆ. ಒಂದೊಂದು ಮನೆಗೆ ಅವರದ್ದಷ್ಟೇ. ಬೆಂಗಳೂರಿನಿಂದ ರೈಲು ಹತ್ತಿದ ಚಿಕ್ಕಮ್ಮನ ಮನೆಯವರಿಗೆ ಹೋದದ್ದು ಹೀಗಿತ್ತು:

“ಚಿಕ್ಕಮ್ಮ, ಚಿಕ್ಕಪ್ಪನವರಿಗೆ ನಮಸ್ಕಾರ. ಶನಿವಾರ ಬೆಳಗ್ಗೆ ತಾಳಗುಪ್ಪ ರೈಲಿನಲ್ಲಿ ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಇಳಿಯಿರಿ. ತಾಳಗುಪ್ಪದವರೆಗೆ ಹೋಗಬೇಡಿ. ಹೊರಗೆ ಬಿಳಿ ಟಿಟಿ ಇರುತ್ತದೆ, ಮುಂದಿನ ಗಾಜಿನ ಮೇಲೆ ಮದುವೆಯ ಹೆಸರಿದೆ. ನಿಮ್ಮ ರೂಮು ಲಾಡ್ಜಿನ ಕೆಳಗಿನ ಮಹಡಿಯಲ್ಲಿ, ಮೆಟ್ಟಿಲಿಲ್ಲ. ಬಾಡಿಗೆ ಕೊಟ್ಟಾಗಿದೆ, ನೀವು ಕೊಡಬೇಡಿ. ಇಬ್ಬರ ಆಧಾರ್ ಕಾರ್ಡಿನ ಜೆರಾಕ್ಸ್ ತನ್ನಿ. ಬಿಸಿನೀರು ಬೆಳಗ್ಗೆ 5ರಿಂದ 8. ಶನಿವಾರ ಸಂಜೆ ವರಪೂಜೆಗೆ ಟಿಟಿ 5:30ಕ್ಕೆ. ಭಾನುವಾರ ನಿಮ್ಮ ಟಿಟಿ 7:50ಕ್ಕೆ ಲಾಡ್ಜಿನ ಬಾಗಿಲಿನಿಂದ ಹೊರಡುತ್ತದೆ. ತಿಂಡಿ ಛತ್ರದಲ್ಲಿ.”

ಕೊನೆಗೆ ಡ್ರೈವರ್ ನಂಬರು, ನಮ್ಮ ಅಣ್ಣನ ಮಗನ ನಂಬರು. ನನ್ನದು ಹಾಕಲಿಲ್ಲ, ಮದುವೆಯ ದಿನ ಹುಡುಗಿಯ ತಾಯಿ ಫೋನ್ ಎತ್ತುವುದು ಅಷ್ಟರಲ್ಲೇ ಇದೆ. ಮಗಳು ಇದನ್ನೆಲ್ಲ ಹೂವಿನ ಅಂಚಿನ ಚಿತ್ರ ಮಾಡಿ ಕಳಿಸೋಣ ಅಂದಳು. ಚಂದ ಇತ್ತು, ಆದರೆ ಚಿತ್ರದಲ್ಲಿರುವ ನಂಬರನ್ನು ಒತ್ತಿ ನೇರ ಫೋನ್ ಮಾಡಲು ವಯಸ್ಸಾದವರಿಗೆ ಬರುವುದಿಲ್ಲ. ವಾಟ್ಸಾಪಿನಲ್ಲಿ ಸಾದಾ ಅಕ್ಷರದಲ್ಲೇ ಕಳಿಸಿದೆವು, ಮೂರು ವಾರ ಮೊದಲು. ಗುರುವಾರ ಇನ್ನೊಮ್ಮೆ, ಬರೀ ಟಿಟಿ ಸಮಯ. ಹೋಮ್‌ಸ್ಟೇ ಹತ್ತಿರ ನೆಟ್‌ವರ್ಕ್ ಇಲ್ಲದ ಕಾರಣ ಅವರಿಗೆ ದಾರಿಯನ್ನು ಬರೆದೇ ಕಳಿಸಿದ್ದೆ, ಯಾವ ತಿರುವು, ಯಾವ ಸೇತುವೆ ಅಂತ.

ಇಷ್ಟೆಲ್ಲ ಮಾಡಿಯೂ ಭಾನುವಾರ 7ರ ಟ್ರಿಪ್ಪಿನಲ್ಲಿ ನಾಲ್ಕು ಜನ ಹಿಂದೆ ಉಳಿದರು. ಕಾರಣ ಸೂಟ್‌ಕೇಸ್. ಅವತ್ತೇ ರಾತ್ರಿಯ ರೈಲಿಗೆ ವಾಪಸ್ ಹೋಗುವವರು ರೂಮು ಖಾಲಿ ಮಾಡಿ ಸಾಮಾನಿನ ಸಮೇತ ಬಂದು ನಿಂತರು. ಹಿಂದಿನ ಸೀಟು ಪೂರ್ತಿ ಬ್ಯಾಗು. ತಮಾಷೆ ಏನೆಂದರೆ, ಸಾಮಾನು ಇಡಲಿ ಅಂತಲೇ ಲಾಡ್ಜಿನಲ್ಲಿ ಎರಡು ರೂಮನ್ನು ಇನ್ನೊಂದು ದಿನಕ್ಕೆ ಹಿಡಿದಿದ್ದೆ. ದುಡ್ಡು ಕೊಟ್ಟಿದ್ದೆ, ಬೀಗದ ಕೈ ಮ್ಯಾನೇಜರ್ ಹತ್ತಿರ ಇತ್ತು. ಕಾಗದದಲ್ಲಿ ಮಾತ್ರ ಬರೆದಿರಲಿಲ್ಲ! ಆ ನಾಲ್ವರು 7:50ಕ್ಕೆ ನಿಂತರೆ ಅಲ್ಲಿ ಮತ್ತೆ ನಾಲ್ಕು ಜನ ಉಳಿದರು, ಹೀಗೆ ಸರಿಯುತ್ತಾ ಹೋಗಿ ಕೊನೆಗೆ ಗುಟ್ಟಿನ 9:30ರ ಟ್ರಿಪ್ಪೇ ಕೈ ಹಿಡಿಯಿತು. ಅದರಲ್ಲಿ ಬಂದವರಿಗೆ ಪಂಕ್ತಿ ಎದ್ದಿತ್ತು, ಅಡುಗೆ ಭಟ್ಟರು ಒಳಗೇ ಕೂರಿಸಿ ಉಪ್ಪಿಟ್ಟು ಬಡಿಸಿದರು. ಧಾರೆಗೆ ಎಲ್ಲರೂ ಇದ್ದರು.

ಈಗ ತಂಗಿಯ ಮಗನ ಮದುವೆಗೆ ಅದೇ ಕಾಗದವನ್ನು ತಿದ್ದುತ್ತಿದ್ದೇನೆ. ಟಿಟಿ ಸಮಯದ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: “ಬ್ಯಾಗನ್ನು 101ನೇ ರೂಮಿನಲ್ಲಿ ಇಡಿ, ಕೈಚೀಲ ಮಾತ್ರ ತನ್ನಿ. ಛತ್ರದಿಂದ ವಾಪಸ್ ಟಿಟಿ 2:00, 3:00 ಮತ್ತು 4:30ಕ್ಕೆ.”