ಪಹಣಿಯಲ್ಲಿ ಯಾರು, ಆಲೂಗಡ್ಡೆ ಸಾಲಿನಲ್ಲಿ ಯಾರು? ಗ್ರಾಮೀಣ ಸಮಾಜಶಾಸ್ತ್ರದ ಪ್ರಬಂಧಕ್ಕೆ ಒಂದು ಊರನ್ನು ಓದುವ ಬಗೆ

‘ಕೃಷಿಯಲ್ಲಿ ಮಹಿಳೆ’ ಎಂಬ ವಿಷಯ ಕೊಟ್ಟರೆ ಹೆಚ್ಚಿನ ವಿದ್ಯಾರ್ಥಿಗಳು ರಾಜ್ಯದ ಅಂಕಿಅಂಶ ಹುಡುಕಲು ಹೊರಡುತ್ತಾರೆ. ಅದಕ್ಕಿಂತ ಹಾಸನ ಸೀಮೆಯ ಒಂದು ಊರು, ಒಂದು ಬೆಳೆ, ಹತ್ತು ಮನೆ ಸಾಕು. ಬೆಳೆ ಆಲೂಗಡ್ಡೆಯಾದರೆ ಇನ್ನೂ ಒಳ್ಳೆಯದು. ಅದರಲ್ಲಿ ಯಾರ ಕೆಲಸ ಯಾವುದು ಎಂಬುದು ಕಣ್ಣಿಗೆ ಕಾಣುತ್ತದೆ.

ಮೊದಲು ಕೆಲಸದ ಪಟ್ಟಿ ಮಾಡಿ. ‘ನೀವು ವ್ಯವಸಾಯ ಮಾಡ್ತೀರಾ?’ ಎಂದು ಕೇಳಿದರೆ ‘ಇಲ್ಲಪ್ಪ, ಮನೇಲೇ ಇರ್ತೀನಿ, ಯಜಮಾನರು ಮಾಡ್ತಾರೆ’ ಎಂಬ ಉತ್ತರ ಬರುತ್ತದೆ. ಅದನ್ನು ಹಾಗೇ ಬರೆದುಕೊಂಡರೆ ನಿಮ್ಮ ಅಧ್ಯಯನ ಅಲ್ಲಿಗೇ ಕೆಟ್ಟಿತು. ಬದಲಿಗೆ ಕೆಲಸ ಕೆಲಸಕ್ಕೂ ಬೇರೆ ಬೇರೆಯಾಗಿ ಕೇಳಿ: ಬೀಜದ ಗಡ್ಡೆ ಕೊಯ್ದವರು ಯಾರು, ನೇಗಿಲ ಹಿಂದೆ ಸಾಲಿಗೆ ಇಟ್ಟವರು ಯಾರು, ಕಳೆ ತೆಗೆದವರು, ಮಣ್ಣು ಏರಿಸಿದವರು, ಕಿತ್ತ ಮೇಲೆ ಆಯ್ದವರು, ಔಷಧಿ ಹೊಡೆದವರು, ಮಂಡಿಗೆ ಹಾಕಿ ದುಡ್ಡು ತಂದವರು ಯಾರು? ಮುಯ್ಯಾಳಾಗಿ ಬೇರೆಯವರ ಹೊಲಕ್ಕೆ ಹೋದ ದಿನಗಳನ್ನೂ ಬರೆದುಕೊಳ್ಳಿ. ಅದಕ್ಕೆ ಕೂಲಿ ಇಲ್ಲದ್ದರಿಂದ ಯಾರೂ ತಾವಾಗಿ ಹೇಳುವುದಿಲ್ಲ.

ಎರಡನೆಯದು ಪಹಣಿ. ಸರ್ವೆ ನಂಬರು, ಹಿಸ್ಸಾ ಗೊತ್ತಿದ್ದರೆ landrecords.karnataka.gov.in ನಲ್ಲಿ ಯಾರು ಬೇಕಾದರೂ ನೋಡಬಹುದು. 9ನೇ ಕಲಂನಲ್ಲಿ ಸ್ವಾಧೀನದಾರರ ಹೆಸರು, 11ರಲ್ಲಿ ಸಾಲ ಮತ್ತಿತರ ಋಣಗಳು ಇರುತ್ತವೆ. ಅನೇಕ ಮನೆಗಳಲ್ಲಿ 9ನೇ ಕಲಂನಲ್ಲಿರುವ ಯಜಮಾನರು ತೀರಿಹೋಗಿ ಎಷ್ಟೋ ವರ್ಷವಾಗಿರುತ್ತದೆ. ಒಂದು ಎಚ್ಚರ: ಪಹಣಿ ಕಂದಾಯದ ದಾಖಲೆ. ಅದರಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಹಕ್ಕಿಲ್ಲ ಎಂದಲ್ಲ.

ಈ ವ್ಯತ್ಯಾಸವನ್ನು ಒಂದು ಮಾದರಿ ಮನೆಯಲ್ಲಿ ನೋಡೋಣ. ಮಾವ ಸ್ವಂತವಾಗಿ ಕೊಂಡ 3 ಎಕರೆ ಇದೆ. ಅವರು ಉಯಿಲು ಬರೆಯದೆ ತೀರಿಕೊಂಡರು, ಅತ್ತೆ ಮೊದಲೇ ಇಲ್ಲ. ಇಬ್ಬರು ಗಂಡುಮಕ್ಕಳು, ಬೇಲೂರಿಗೆ ಮದುವೆಯಾಗಿ ಹೋದ ಒಬ್ಬ ಮಗಳು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಲಾ 1 ಎಕರೆ. ಆಮೇಲೆ ಹಿರಿಮಗನೂ ತೀರಿಕೊಂಡರೆ ಅವನ ಎಕರೆ ಹೆಂಡತಿಗೂ ಒಬ್ಬಳೇ ಮಗಳಿಗೂ ತಲಾ 20 ಗುಂಟೆಯಂತೆ ಹಂಚಿಹೋಗುತ್ತದೆ. ಅಂದರೆ 3 ಎಕರೆಯಲ್ಲಿ 2 ಎಕರೆ ಹೆಂಗಸರದು. ಪಹಣಿಯಲ್ಲಿ ಮಾತ್ರ ಇನ್ನೂ ಮಾವನ ಹೆಸರು, ಉಳುಮೆ ಮೈದುನನದು. ಪಿತ್ರಾರ್ಜಿತವಾಗಿದ್ದರೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಪಾಲು ಕೊಟ್ಟ 2005ರ ತಿದ್ದುಪಡಿಯನ್ನು ನೋಡಬೇಕು. ತಿದ್ದುಪಡಿ ಜಾರಿಯಾದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಆದ ವಿಭಾಗವನ್ನು ಆ ತಿದ್ದುಪಡಿ ಮುಟ್ಟುವುದಿಲ್ಲ.

ಹಾಗಾದರೆ ಸೊಸೆ ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಲು, ಏಕೆ ಅರ್ಜಿ ಹಾಕಿಲ್ಲ? ಬೇಕಾಗುವುದು ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ನಾಡಕಚೇರಿಗೆ ಒಂದು ಅರ್ಜಿ. ತೊಡಕು ವಂಶವೃಕ್ಷದಲ್ಲೇ ಇದೆ. ಅದರಲ್ಲಿ ಬೇಲೂರಿನ ನಾದಿನಿಯ ಹೆಸರೂ ಬರಬೇಕು. ಬಂದರೆ ಪಾಲಿನ ಮಾತು ಏಳುತ್ತದೆ ಎಂದು ಮನೆಯವರು ಅರ್ಜಿಯನ್ನೇ ಮುಂದೂಡುತ್ತಾರೆ, ಇಲ್ಲವೇ ಅವಳಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುತ್ತಾರೆ. ‘ತವರಿನ ಅರಿಶಿನ ಕುಂಕುಮ ಇದ್ದರೆ ಸಾಕು’ ಎನ್ನುವ ಮಾತು ಸಂದರ್ಶನದಲ್ಲಿ ಬಂದರೆ, ಅದಕ್ಕೆ ಮುಂಚೆ ಸಹಿ ಆಗಿದೆಯೇ ಎಂದು ಮೆಲ್ಲಗೆ ಕೇಳಿ. ಹೀಗೆ ಒಬ್ಬ ಹೆಣ್ಣಿನ ಪಾಲು ತಡೆಯಲು ಹೋಗಿ ಇನ್ನೊಬ್ಬಳ ಹೆಸರೂ ದಾಖಲೆಗೆ ಬರದೆ ಉಳಿಯುತ್ತದೆ. ನನ್ನ ಮಟ್ಟಿಗೆ ಪ್ರಬಂಧದ ತಿರುಳು ಇದೇ.

ಮೂರನೆಯದು ಇಲಾಖೆಯ ದಾರಿ. ರಾಗಿ, ಜೋಳಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರ. ಆಲೂಗಡ್ಡೆಗೆ ತೋಟಗಾರಿಕೆ ಇಲಾಖೆ. ಇದು ತಿಳಿಯದೆ ಒಂದೇ ಕಚೇರಿಗೆ ಹೋಗಿ ‘ಮಾಹಿತಿ ಇಲ್ಲ’ ಎಂದು ಬರೆದವರಿದ್ದಾರೆ. ಸಹಾಯಧನಕ್ಕೆ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ ಕೇಳುತ್ತಾರೆ, ಆ ಸಂಖ್ಯೆಗೆ ಪಹಣಿ ಜೋಡಣೆಯಾಗಬೇಕು. ಮಾವನ ಹೆಸರಿನ ಪಹಣಿ ಸೊಸೆಯ ಸಂಖ್ಯೆಗೆ ಕೂಡುವುದಿಲ್ಲ. ರೈತರಿಗೆ ತರಬೇತಿ ಕೊಡುವ ‘ಆತ್ಮ’ ಯೋಜನೆಯ ಮಾರ್ಗಸೂಚಿ ಸಂಪನ್ಮೂಲದ ಕನಿಷ್ಠ 30% ರೈತ ಮಹಿಳೆಯರಿಗೆ ಎನ್ನುತ್ತದೆ. ತರಬೇತಿಯ ಹಾಜರಿ ಪುಸ್ತಕ ತೋರಿಸಿದರೆ ಹೆಸರು ಎಣಿಸಿ; ತರಬೇತಿ ನಡೆದ ಗಂಟೆಯನ್ನೂ ಬರೆದುಕೊಳ್ಳಿ. ಕಳೆ ತೆಗೆಯುವ ದಿನಗಳಲ್ಲಿ ಬೆಳಿಗ್ಗೆ 11ಕ್ಕೆ ಕರೆದರೆ ಬರುವವರು ಯಾರೆಂದು ಹೇಳಬೇಕಿಲ್ಲ.

ಇನ್ನು ಕೆಲಸ, ಪಹಣಿ, ಹಾಜರಿ ಈ ಮೂರು ಪಟ್ಟಿಗಳನ್ನೂ ಪಕ್ಕಪಕ್ಕ ಇಡಿ. ಆಲೂಗಡ್ಡೆಯ ದುಂಡಾಣು ಸೊರಗು ರೋಗ ಕೊಯ್ಯುವ ಕತ್ತಿಯಿಂದಲೇ ಗಡ್ಡೆಯಿಂದ ಗಡ್ಡೆಗೆ ದಾಟುತ್ತದೆ. ಕೊಯ್ದಾಗ ಒಳಗೆ ಕಂದು ಉಂಗುರ ಕಂಡ ಗಡ್ಡೆಯನ್ನು ಎಸೆದು, ಕತ್ತಿಯನ್ನು ಸೋಂಕುನಿವಾರಕದಲ್ಲಿ ಅದ್ದಿ ಮುಂದಿನದಕ್ಕೆ ಕೈ ಹಾಕಬೇಕು. ಕೊಯ್ದ ಹೋಳುಗಳ ಗಾಯ ನೆರಳಿನಲ್ಲಿ ಒಣಗದೆ ಹಸಿ ಮಣ್ಣಿಗೆ ಬಿದ್ದರೆ ಅಲ್ಲೇ ಕೊಳೆಯುತ್ತವೆ. ಈ ಪಾಠ ಯಾರಿಗೆ ಹೇಳಿದ್ದಾರೆ ಎಂದು ಹಾಜರಿಯಲ್ಲಿ ನೋಡಿ, ಕತ್ತಿ ಹಿಡಿದವರು ಯಾರು ಎಂದು ನಿಮ್ಮ ಮೊದಲ ಪಟ್ಟಿಯಲ್ಲಿ ನೋಡಿ. ಹತ್ತು ಮನೆಯಲ್ಲಿ ಎಷ್ಟು ಕಡೆ ಎರಡೂ ಹೆಸರು ಒಂದೇ ಆಗಿವೆ ಎಂಬ ಎಣಿಕೆಯನ್ನು ಪ್ರಬಂಧದ ಮೊದಲ ಪುಟದಲ್ಲೇ ಕೊಡಿ.