ಪೀನಟ್ ಬಟರ್ ಡಬ್ಬಿ 16 ದಿನಕ್ಕೇ ಖಾಲಿ ಆದಾಗ ಗೊತ್ತಾಗಿದ್ದು

ನಾನಿರೋದು ಶಿವಮೊಗ್ಗದಲ್ಲಿ, ಒಂದು ಅಡಿಕೆ ಮಂಡಿಲಿ ಲೆಕ್ಕ ಬರೆಯೋ ಕೆಲಸ. ರಾಶಿ, ಬೆಟ್ಟೆ, ಗೊರಬಲು ಅಂತ ದಿನಾ ಚೀಲಗಟ್ಲೆ ತೂಕ ಕಣ್ಣೆದುರಿಗೇ ಆಗುತ್ತೆ, ಅರ್ಧ ಕೆಜಿ ಆಚೀಚೆ ಆದ್ರೂ ಅಲ್ಲಿ ಜಗಳ. ಅಂಥೋನು ಮನೇಲಿ ಮಾತ್ರ ಏಳು ವಾರ ಕಣ್ಣಳತೇಲೇ ತಿಂದ್ಕೊಂಡು "ತೂಕ ಯಾಕೆ ಇಳೀತಿಲ್ಲ" ಅಂತ ತಲೆ ಕೆರ್ಕೊಂಡೆ ನೋಡಿ.

84 ಕೆಜಿ ಇದ್ದೆ. ದಿನಕ್ಕೆ 1750 ಕ್ಯಾಲೊರಿ ಅಂತ ಇಟ್ಕೊಂಡು, ಫೋನಲ್ಲಿ ಬರ್ಕೊಂಡು, ಸಂಜೆ ಹೊತ್ತು ತುಂಗಾ ಸೇತುವೆ ಕಡೆ ನಡ್ಕೊಂಡು ಹತ್ತು ವಾರಕ್ಕೆ 79ಕ್ಕೆ ಬಂದೆ. ಆಮೇಲೆ ಜಿಮ್ ಸೇರಿದೆ. ಅಲ್ಲಿದ್ದ ಹುಡುಗರು "ಅಣ್ಣ ಪ್ರೋಟೀನ್ ಸಾಕಾಗಲ್ಲ, ಪೀನಟ್ ಬಟರ್ ತಿನ್ನಿ" ಅಂದ್ರು, ಒಂದು ಕೆಜಿ ಡಬ್ಬಿ ತಂದೆ. ಅದೇ ಹೊತ್ತಿಗೆ ದೀಪಾವಳಿಗೆ ಬಂದಿದ್ದ ಡ್ರೈಫ್ರೂಟ್ಸ್ ಬಾಕ್ಸುಗಳು ಬೇರೆ ಮನೇಲಿದ್ವು. ಅಲ್ಲಿಂದ ಏಳು ವಾರ ಮುಳ್ಳು 79 ಬಿಟ್ಟು ಅಲ್ಲಾಡ್ಲೇ ಇಲ್ಲ.

ಒಂದೆರಡು ವಾರ ತೂಕ ನಿಲ್ಲೋದು ಮಾಮೂಲು, ಉಪ್ಪು ಜಾಸ್ತಿಯಾದ್ರೆ, ನಿದ್ದೆ ಕೆಟ್ರೆ, ಹೊಸದಾಗಿ ಜಿಮ್ ಶುರು ಮಾಡಿದ್ರೆ ಮೈಯಲ್ಲಿ ನೀರು ನಿಲ್ಲುತ್ತೆ. ಅದಕ್ಕೇ ಒಂದು ದಿನದ ತೂಕ ನೋಡದೆ ವಾರದ ಸರಾಸರಿ ನೋಡ್ತಿದ್ದೆ. ಆದ್ರೆ ಏಳು ವಾರ ಸರಾಸರಿನೂ ಅಲ್ಲೇ ಇದೆ ಅಂದ್ರೆ ಅದು ನೀರಲ್ಲ, ತಿನ್ನೋದು ಎಲ್ಲೋ ಲೆಕ್ಕ ತಪ್ಪಿ ಹೋಗ್ತಿದೆ ಅಂತ.

ಸುಳಿವು ಕೊಟ್ಟಿದ್ದು ನನ್ನ ಹೆಂಡ್ತಿ. "ರೀ, ಈ ಡಬ್ಬಿ ಮೊನ್ನೆ ಮೊನ್ನೆ ತಂದಿದ್ದಲ್ವಾ, ಆಗ್ಲೇ ತಳ ಕಾಣ್ತಿದೆ?" ಅಂದ್ಲು. ಅವಳಿಗೆ ಅದರ ವಾಸನೆನೇ ಆಗಲ್ಲ, ತಿನ್ನೋನು ನಾನೊಬ್ಬನೇ. ನಾನು ಬರ್ಕೊಳ್ತಿದ್ದಿದ್ದು ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ, ಚಮಚಕ್ಕೆ 16 ಗ್ರಾಂ. ಆ ಲೆಕ್ಕಕ್ಕೆ ಕೆಜಿ ಡಬ್ಬಿ ಒಂದು ತಿಂಗಳು ಬರ್ಬೇಕು, ನಂದು 16 ದಿನಕ್ಕೆ ಮುಗಿದಿತ್ತು. ಅಂದ್ರೆ ದಿನಕ್ಕೆ 32 ಅಲ್ಲ, ಸುಮಾರು 62 ಗ್ರಾಂ. ಪೀನಟ್ ಬಟರಲ್ಲಿ ಗ್ರಾಮಿಗೆ ಹತ್ರ ಹತ್ರ 6 ಕ್ಯಾಲೊರಿ, ಹಾಗಾಗಿ ಬರೆದಿದ್ದು 190, ಹೊಟ್ಟೆಗೆ ಹೋಗಿದ್ದು 370.

ತಪ್ಪು ಎಲ್ಲಿ ಅಂದ್ರೆ ಚಮಚದಲ್ಲಿ. ಪ್ಯಾಕೆಟ್ ಮೇಲೆ ಬರೆಯೋ ಚಮಚ ಅಂದ್ರೆ ಅಳತೆ ಚಮಚ, ತಲೆ ಸವರಿದ್ದು. ನಾವು ತಗೊಳೋದು ಊಟದ ಚಮಚ, ಅದರ ಮೇಲೆ ಗುಡ್ಡ, ಕೆಳಗೆ ಅಂಟ್ಕೊಂಡಿದ್ದು ಬೇರೆ. ಇದು ನೀರಿನ ಥರ ಸಮ ಆಗಲ್ಲ, ಎಷ್ಟು ಗುಡ್ಡ ಹಾಕಿದ್ರೂ ನಿಲ್ಲುತ್ತೆ, ಆಮೇಲೆ ಮುಚ್ಚಳ ಹಾಕೋ ಮುಂಚೆ ಚಮಚ ಇನ್ನೊಂದ್ಸಲ ಅದ್ದಿ ನೆಕ್ಕೋದು ಯಾರ ಲೆಕ್ಕಕ್ಕೂ ಬರಲ್ಲ.

ಆ ಭಾನುವಾರ ಅಡಿಗೆಮನೆ ತೂಕದ ಮಷೀನ್ ತಂದು ಕೂತೆ. ದಿನಾ ಮಧ್ಯಾಹ್ನ ತಿನ್ನೋ "ಒಂದು ಮುಷ್ಟಿ" ಡ್ರೈಫ್ರೂಟ್ಸನ್ನ 20 ಗ್ರಾಂ ಅಂತ ಬರೀತಿದ್ದೆ. ಮೂರು ಸಲ ಮುಷ್ಟಿ ತೆಗೆದು ತೂಗಿದೆ, 38, 45, 41. ನನ್ನ ಕೈ ದೊಡ್ಡದು ಮಾರಾಯ್ರೆ, ಎಂತ ಮಾಡೋದು. ಗೋಡಂಬಿ, ಬಾದಾಮಿ, ಒಣದ್ರಾಕ್ಷಿ ಸೇರಿದ ಮಿಶ್ರಣಕ್ಕೆ ಗ್ರಾಮಿಗೆ 5 ಕ್ಯಾಲೊರಿ ಹಿಡಿದ್ರೆ ಬರೆದಿದ್ದು 100, ತಿಂದಿದ್ದು 205. ಊಟ ಆದ್ಮೇಲೆ ಸಿಹಿ ಬದಲು ಮೂರು ಖರ್ಜೂರ, ಅದು ಹಣ್ಣಲ್ವಾ ಅಂತ ಬರೀತಾನೇ ಇರ್ಲಿಲ್ಲ, ಅದೊಂದು 70. ಮಂಡಿಲಿ ಬಂದವರಿಗೆ ಅಂತ ಟೇಬಲ್ ಮೇಲಿಟ್ಟಿದ್ದ ಬಟ್ಟಲಿಂದ ಮಾತಾಡ್ತಾ ಮಾತಾಡ್ತಾ ಬಾಯಿಗೆ ಹೋಗೋ ಆರು ಗೋಡಂಬಿ, ಅದೊಂದು 50.

ಎಲ್ಲಾ ಕೂಡಿ ನೋಡಿ, 180, 105, 70, 50. ದಿನಕ್ಕೆ 405 ಕ್ಯಾಲೊರಿ ಪುಸ್ತಕದಲ್ಲಿ ಇಲ್ಲದ್ದು. ವಾರಕ್ಕೆ ಅರ್ಧ ಕೆಜಿ ಇಳೀತಿದ್ದಾಗ ದಿನದ ಕೊರತೆ 550ರಷ್ಟು ಇತ್ತು, ಐದು ಕೆಜಿ ಇಳಿದ ಮೇಲೆ ದೇಹದ ಖರ್ಚೂ ಸ್ವಲ್ಪ ಕಮ್ಮಿಯಾಗಿ 450 ಅಂತ ಹಿಡಿದ್ಕೊಳ್ಳಿ. ಅದರಲ್ಲಿ 405 ಹೋದ್ರೆ ಉಳಿಯೋದೇನು? ಮುಳ್ಳು ನಿಂತಿದ್ದು ಸರಿಯಾಗೇ ಇತ್ತು.

ಮೋಸ ಆಗೋದು ಯಾಕೆ ಅಂದ್ರೆ ಇವು ಹೊಟ್ಟೇಲಿ ಜಾಗ ಹಿಡಿಯಲ್ಲ. ಅನ್ನ ಎರಡು ಸೌಟು ಜಾಸ್ತಿ ಆದ್ರೆ ಗೊತ್ತಾಗುತ್ತೆ, 20 ಗ್ರಾಂ ಗೋಡಂಬಿ ಜಾಸ್ತಿ ಆದ್ರೆ ಗೊತ್ತೇ ಆಗಲ್ಲ. ಒಣದ್ರಾಕ್ಷಿನೂ ಅಷ್ಟೆ, ನೂರು ಗ್ರಾಂ ಹಸಿ ದ್ರಾಕ್ಷಿಲಿ 70 ಕ್ಯಾಲೊರಿ ಇದ್ರೆ ಒಣಗಿದ್ದರಲ್ಲಿ 300, ಹೋಗಿದ್ದು ನೀರು ಮಾತ್ರ. ಇನ್ನು ಪ್ರೋಟೀನ್ ಕಥೆ, 16 ಗ್ರಾಂ ಪೀನಟ್ ಬಟರಲ್ಲಿ ಪ್ರೋಟೀನ್ 4 ಗ್ರಾಂ, ಕೊಬ್ಬು 8 ಗ್ರಾಂ, ಕ್ಯಾಲೊರಿ 95. ಒಂದು ಮೊಟ್ಟೇಲಿ 75 ಕ್ಯಾಲೊರಿಗೆ 6 ಗ್ರಾಂ ಪ್ರೋಟೀನ್ ಸಿಗುತ್ತೆ. ಪೀನಟ್ ಬಟರನ್ನ ಪ್ರೋಟೀನ್ ಅಂತ ತಿಂದಿದ್ದೇ ನನ್ನ ದಡ್ಡತನ, ಅದು ಕೊಬ್ಬಿನ ಆಹಾರ, ಜೊತೆಗೆ ಸ್ವಲ್ಪ ಪ್ರೋಟೀನ್ ಇದೆ ಅಷ್ಟೆ.

ಹಾಗಂತ ಬಿಡ್ಲಿಲ್ಲ. ಪೀನಟ್ ಬಟರಿಗೆ ಈಗ ಚಮಚ ತೂಗಲ್ಲ, ಡಬ್ಬಿ ತೂಗ್ತೀನಿ. ಡಬ್ಬಿನ ಮಷೀನ್ ಮೇಲಿಟ್ಟು ಟೇರ್ ಬಟನ್ ಒತ್ತಿದ್ರೆ ಸೊನ್ನೆ ಬರುತ್ತೆ, ಅಲ್ಲಿಂದ ಚಮಚದಲ್ಲಿ ತೆಗೀತಾ ಹೋದ್ರೆ ಸ್ಕ್ರೀನಲ್ಲಿ ಮೈನಸ್ ಲೆಕ್ಕ ಕಾಣುತ್ತೆ, -16 ಬಂದ ತಕ್ಷಣ ಮುಚ್ಚಳ. ನೆಕ್ಕಿದ್ದೂ ಅದರಲ್ಲೇ ಬಂತು. ಸಕ್ಕರೆ, ಬೇರೆ ಎಣ್ಣೆ ಸೇರಿಸದ ಡಬ್ಬಿ ಆದ್ರೆ ಎಣ್ಣೆ ಮೇಲೆ ತೇಲಿರುತ್ತೆ, ಮೊದ್ಲು ತಳದವರೆಗೂ ಕಲಸ್ಬೇಕು, ಇಲ್ದಿದ್ರೆ ಮೊದಲ ವಾರ ಬರೀ ಎಣ್ಣೆ ತಿಂತೀರಿ, ಅದಕ್ಕೆ ಗ್ರಾಮಿಗೆ 9 ಕ್ಯಾಲೊರಿ. ದಿನಕ್ಕೆ ಒಂದೇ ಸಲ, ಪುಟ್ಟಬಾಳೆ ಹಣ್ಣಿನ ಜೊತೆ.

ಡ್ರೈಫ್ರೂಟ್ಸಿಗೆ ಭಾನುವಾರ ಏಳು ಸಣ್ಣ ಡಬ್ಬಿ ತುಂಬಿಡ್ತೀನಿ, ಒಂದೊಂದರಲ್ಲಿ 8 ಬಾದಾಮಿ, 4 ಗೋಡಂಬಿ, ನಾಲ್ಕು ಗ್ರಾಂ ಒಣದ್ರಾಕ್ಷಿ, ಒಟ್ಟು 20 ಗ್ರಾಂ, ನೂರು ಕ್ಯಾಲೊರಿ. ಬಾದಾಮಿ ನೆನೆಸೋರು ನೆನೆಸೋ ಮುಂಚೆ ತೂಗಿ, ಆಮೇಲೆ ನೀರು ಕುಡಿದು ತೂಕ ಜಾಸ್ತಿ ತೋರಿಸುತ್ತೆ. ಇಡೀ ಬಾದಾಮಿಲಿ ಎಲ್ಲಾ ಕೊಬ್ಬೂ ಮೈಗೆ ಹತ್ತಲ್ಲ, ಅಗಿದು ಉಳಿದ ಚೂರುಗಳ ಒಳಗಿನ ಕೊಬ್ಬು ಸ್ವಲ್ಪ ಹಾಗೇ ಹೊರಗೆ ಹೋಗುತ್ತೆ, ಆದ್ರೆ ನುಣ್ಣಗೆ ಅರೆದ ಬಟರಲ್ಲಿ ಆ ರಿಯಾಯಿತಿ ಇಲ್ಲ. ಈ ಕಾರಣಕ್ಕೂ ನಾನು ಇಡೀದನ್ನೇ ಜಾಸ್ತಿ ಇಷ್ಟಪಡ್ತೀನಿ, ಆದ್ರೆ ಲೆಕ್ಕದಲ್ಲಿ ರಿಯಾಯಿತಿ ಹಾಕ್ಕೊಳ್ಳಲ್ಲ. ಖರ್ಜೂರ ಒಂದು, ಅದನ್ನೂ ಬರೀತೀನಿ. ರಾತ್ರಿ ಪೀನಟ್ ಬಟರ್ ಬದಲು ಒಂದು ಮೊಟ್ಟೆ. ಮಂಡಿ ಬಟ್ಟಲನ್ನ ಪಕ್ಕದ ಟೇಬಲ್‌ಗೆ ದಾಟಿಸಿದೆ, ಅಲ್ಲಿ ಕೂರೋನು ಸಣಕಲ.

ಮೊದಲ ವಾರ ಏನೂ ಆಗ್ಲಿಲ್ಲ, ಸರಾಸರಿ 79.1 ಇದ್ದಿದ್ದು 79.0. ಅಮ್ಮ "ಬಾದಾಮಿ ತಿಂದ್ರೆ ಯಾರಾದ್ರೂ ದಪ್ಪ ಆಗ್ತಾರಾ, ಎಂಥ ಲೆಕ್ಕನೋ ನಿಂದು" ಅಂದ್ರು. ಎರಡನೇ ವಾರ 78.3, ಮೂರನೇದು 77.9. ಅಷ್ಟರಲ್ಲಿ ಅಮ್ಮಂಗೂ ಮಷೀನ್ ರುಚಿ ಹತ್ತಿತ್ತು, ಶೇಂಗಾ ಚಟ್ನಿಪುಡಿ ಒಂದು ಚಮಚ ತೂಗಿ "ಇದೆಷ್ಟಾಗುತ್ತೋ" ಅಂತ ಕೇಳಿದ್ರು, ಅದನ್ನ ನಾನು ಇವತ್ತಿನವರೆಗೂ ಬರ್ದೇ ಇರ್ಲಿಲ್ಲ.

ಮಳೆ ಹಿಡಿದಾಗ ಸಂಜೆ ಹುರಿದ ಶೇಂಗಾ ಇಲ್ದೆ ನಮ್ಮ ಕಡೆ ಆಗಲ್ಲ, ಅದಕ್ಕೆ ಸಿಪ್ಪೆ ಇರೋದನ್ನೇ ತರ್ತೀನಿ ಈಗ. ಒಂದೊಂದೇ ಬಿಡಿಸಿ ತಿನ್ಬೇಕು, ತಟ್ಟೇಲಿ ಸಿಪ್ಪೆ ಗುಡ್ಡೆ ಬೀಳುತ್ತೆ, ಮೊನ್ನೆ 40 ಗ್ರಾಂ ಬೀಜ ತಿನ್ನೋಕೆ ಕರೆಂಟ್ ಹೋಗಿ ಬರೋವರೆಗೂ ಹಿಡೀತು.